ಓಣಿಗೊಂದು ಕಾರ್ಡ್‌ಲೆಸ್ ಲೆಕ್ಕ

ಪ್ರವಚನದ ನಡುವೆ ಸ್ವಾಮಿಗಳು ನೀರು ಕುಡಿಯಲೆಂದು ಕೈಯಲ್ಲಿದ್ದ ಮೈಕಿನ ಗುಂಡಿ ಒತ್ತಿ ಬಂದ್ ಮಾಡುತ್ತಾರೆ. ಸಭಾಮಂಟಪದ ಸ್ಪೀಕರ್ ಸುಮ್ಮನಾಗಬೇಕು, ಆದರೆ ಆಗುವುದಿಲ್ಲ. ಹಿಂದಿನ ಓಣಿಯ ಮಂಗಲ ಕಾರ್ಯಾಲಯದಲ್ಲಿ ಆಹೇರಿ ಹೆಸರು ಓದುತ್ತಿರುವವರ ಧ್ವನಿ ದೇವಸ್ಥಾನದೊಳಗೆ ಸ್ಪಷ್ಟವಾಗಿ ಕೇಳುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲೂಕುಗಳಲ್ಲಿ ಕಾರ್ಡ್‌ಲೆಸ್ ಮೈಕ್ ಬಳಸುವವರಿಗೆ ಇಂಥ ತೊಂದರೆ ಹೊಸದಲ್ಲ. ದೇವಸ್ಥಾನ, ಬಸದಿ, ಮಠ, ಚರ್ಚ್, ದರ್ಗಾ, ಮಂಗಲ ಕಾರ್ಯಾಲಯ ಎಲ್ಲವೂ ಒಂದೇ ಪೇಟೆಯಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ. ಲಗ್ನದ ಹಂಗಾಮು, ಸಪ್ತಾಹ, ಜಾತ್ರೆ ಒಮ್ಮೆಲೇ ಬಂದಾಗ ಒಂದು ಫರ್ಲಾಂಗಿನೊಳಗೆ ಹತ್ತಾರು ಕಾರ್ಡ್‌ಲೆಸ್ ಮೈಕುಗಳು ಏಕಕಾಲಕ್ಕೆ ಚಾಲೂ ಇರುತ್ತವೆ.

ಹೀಗಾದಾಗ ಹೆಚ್ಚಿನವರು ಮೈಕನ್ನು ದೂರುತ್ತಾರೆ. ಇನ್ನೂ ದುಬಾರಿ ಸೆಟ್ ತರುತ್ತಾರೆ, ಅದರಲ್ಲೂ ತೊಂದರೆ ಮರುಕಳಿಸುತ್ತದೆ. ಸಮಸ್ಯೆ ಇರುವುದು ಸಾಮಾನ್ಯವಾಗಿ ಎರಡು ಕಡೆ. ಮೊದಲನೆಯದು, ಯಾರು ಯಾವ ಫ್ರೀಕ್ವೆನ್ಸಿ ಬಳಸುತ್ತಿದ್ದಾರೆ ಎಂಬ ಲೆಕ್ಕ ಓಣಿಯಲ್ಲಿ ಯಾರ ಬಳಿಯೂ ಇಲ್ಲದಿರುವುದು. ಎರಡನೆಯದು, ರಿಸೀವರ್ ಪೆಟ್ಟಿಗೆ ಇರಬಾರದ ಜಾಗದಲ್ಲಿರುವುದು. ಈ ಎರಡನ್ನು ಸರಿಪಡಿಸಿದರೆ ಇರುವ ಸೆಟ್ಟಿನಲ್ಲೇ ಬಹುತೇಕ ಕೆಲಸ ನಡೆಯುತ್ತದೆ.

ಮೈಕಿನಿಂದ ರಿಸೀವರ್‌ವರೆಗೆ ಏನು ನಡೆಯುತ್ತದೆ

ಕೈಯಲ್ಲಿ ಹಿಡಿಯುವ ಕಾರ್ಡ್‌ಲೆಸ್ ಮೈಕ್ ಒಂದು ಪುಟ್ಟ ರೇಡಿಯೋ ಕೇಂದ್ರವೇ ಸರಿ. ಒಳಗೆ ಮಾಮೂಲಿ ಮೈಕಿನ ತಲೆ, ಅದರ ಕೆಳಗೆ ಟ್ರಾನ್ಸ್‌ಮಿಟರ್, ಎಲ್ಲಕ್ಕಿಂತ ಕೆಳಗೆ ಬುಡದಲ್ಲಿ ಆಂಟೆನಾ. ಸಾಮಾನ್ಯ ಸೆಟ್ಟುಗಳಲ್ಲಿ ಅದು ಹೊರಸೂಸುವ ಶಕ್ತಿ ಹತ್ತು ಮಿಲಿವ್ಯಾಟ್‌ನಿಂದ ಮೂವತ್ತು ಮಿಲಿವ್ಯಾಟ್‌ನಷ್ಟು ಮಾತ್ರ. ರಿಸೀವರ್ ತನಗೆ ಗೊತ್ತುಮಾಡಿದ ಒಂದು ಫ್ರೀಕ್ವೆನ್ಸಿಯನ್ನಷ್ಟೇ ಆಲಿಸುತ್ತದೆ. ಆ ಫ್ರೀಕ್ವೆನ್ಸಿಯಲ್ಲಿ ಬರುವುದು ತನ್ನ ಮೈಕೋ ಪಕ್ಕದವರ ಮೈಕೋ ಎಂಬುದು ಸಾದಾ ರಿಸೀವರ್‌ಗೆ ತಿಳಿಯುವುದಿಲ್ಲ.

ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಫ್‌ಎಂ ಪದ್ಧತಿಯ ಅನಲಾಗ್ ಸೆಟ್. ಒಂದೇ ಫ್ರೀಕ್ವೆನ್ಸಿಯಲ್ಲಿ ಎರಡು ಸಂಕೇತ ಬಂದರೆ ಬಲವಾದದ್ದನ್ನು ಹಿಡಿದು ಬಲಹೀನವಾದದ್ದನ್ನು ಬಿಟ್ಟುಬಿಡುವುದು ಎಫ್‌ಎಂ ಗುಣ. ಅದಕ್ಕಾಗಿಯೇ ಸ್ವಾಮಿಗಳು ಮಾತಾಡುವಾಗ ಪಕ್ಕದವರ ಧ್ವನಿ ಕೇಳುವುದಿಲ್ಲ, ಅವರು ಮೈಕ್ ಬಂದ್ ಮಾಡಿದೊಡನೆ ಕೇಳುತ್ತದೆ. ಎರಡರ ಬಲ ಹತ್ತಿರ ಹತ್ತಿರ ಇದ್ದಾಗ ಮಾತ್ರ ಶಿಳ್ಳೆ, ಗರಗರ, ತುಂಡು ತುಂಡು ಮಾತು ಒಟ್ಟಿಗೆ ಬರುತ್ತವೆ. ಡಿಜಿಟಲ್ ಸೆಟ್ಟಿನಲ್ಲಿ ಪಕ್ಕದವರ ಮಾತು ಸಾಮಾನ್ಯವಾಗಿ ಕೇಳುವುದಿಲ್ಲ. ಆದರೆ ಘರ್ಷಣೆಯಾದಾಗ ಧ್ವನಿ ಏಕಾಏಕಿ ಕಡಿದುಹೋಗುತ್ತದೆ. ಕೇಳುವವರಿಗೆ ಎರಡೂ ತೊಂದರೆಯೇ. ಆದರೆ ಯಾವ ತೊಂದರೆ ಎಂಬುದರಿಂದ ಕಾರಣ ಹುಡುಕುವ ದಾರಿ ಬದಲಾಗುತ್ತದೆ.

ಮೈಕ್ ಬಂದ್ ಇದ್ದಾಗ ರಿಸೀವರ್ ಸುಮ್ಮನಿರಲೆಂದು ಎರಡು ಕಾವಲು ಇರುತ್ತವೆ. ಸ್ಕ್ವೆಲ್ಚ್ ಎಂಬುದು ಇಂತಿಷ್ಟು ಬಲಕ್ಕಿಂತ ಕಡಿಮೆ ಬಂದದ್ದನ್ನು ಒಳಗೆ ಬಿಡದ ಮಿತಿ. ಇನ್ನೊಂದು ಪೈಲಟ್ ಟೋನ್. ತನ್ನ ಮೈಕ್ ಕಿವಿಗೆ ಕೇಳದ ಒಂದು ಸ್ವರವನ್ನು ಜೊತೆಗೆ ಕಳಿಸುತ್ತದೆ, ಆ ಸ್ವರ ಬಂದರೆ ಮಾತ್ರ ರಿಸೀವರ್ ಬಾಯಿ ತೆರೆಯುತ್ತದೆ. ಆದರೆ ಪಕ್ಕದವರದ್ದೂ ಅದೇ ಕಂಪನಿಯ ಅದೇ ಮಾಡೆಲ್ ಆಗಿದ್ದರೆ ಆ ಸ್ವರವೂ ಒಂದೇ ಆಗಿರಬಹುದು. ಆಗ ಈ ಕಾವಲೂ ತಡೆಯುವುದಿಲ್ಲ. ಒಂದು ಪೇಟೆಯಲ್ಲಿ ಎಲ್ಲರೂ ಒಂದೇ ಅಂಗಡಿಯಿಂದ ಒಂದೇ ಸೆಟ್ ಕೊಂಡಿರುವಾಗ ಈ ಸಂಭವ ಸಣ್ಣದಲ್ಲ. ಪೆಟ್ಟಿಗೆಯಿಂದ ಹೊರಬಂದಾಗ ಎಷ್ಟೋ ಸೆಟ್ಟುಗಳು ಒಂದೇ ಮೊದಲ ಚಾನೆಲ್ ಮೇಲೆ ಇರುತ್ತವೆ. ಅದನ್ನು ಯಾರೂ ಮುಟ್ಟದಿದ್ದರೆ ದೇವಸ್ಥಾನವೂ ಕಾರ್ಯಾಲಯವೂ ಒಂದೇ ಚಾನೆಲ್ಲಿನಲ್ಲಿ ಕೂತಿರುತ್ತವೆ.

ಯಾವ ಬ್ಯಾಂಡ್ ಕೊಳ್ಳಬೇಕು

ಚಾನೆಲ್ ಆರಿಸುವ ಮೊದಲು ಸೆಟ್ ಯಾವ ಬ್ಯಾಂಡಿನದು ಎಂದು ನೋಡಬೇಕು, ಏಕೆಂದರೆ ಒಮ್ಮೆ ಕೊಂಡ ಮೇಲೆ ಅದನ್ನು ಬದಲಿಸಲಾಗದು. ಮೈಕಿನ ಮೈಮೇಲೆ ಅಥವಾ ರಿಸೀವರ್ ಹಿಂಬದಿಯಲ್ಲಿ 520–570, 640–690, 740–790 ಎಂಬಂಥ ಸಂಖ್ಯೆ ಬರೆದಿರುತ್ತದೆ. ಅದು ಮೆಗಾಹರ್ಟ್ಸ್ ಲೆಕ್ಕದಲ್ಲಿ ಆ ಸೆಟ್ ಓಡಾಡಬಲ್ಲ ಹೊಲದ ಗಡಿ.

ಹಿಂದೆ ಇಲ್ಲಿ ಹೆದರಬೇಕಾಗಿದ್ದದ್ದು ದೂರದರ್ಶನದ ಟವರಿಗೆ. 2022ರ ಮಾರ್ಚ್ ಹೊತ್ತಿಗೆ ಪ್ರಸಾರ ಭಾರತಿ ತನ್ನ ಅನಲಾಗ್ ಟಿವಿ ಟ್ರಾನ್ಸ್‌ಮಿಟರ್‌ಗಳಲ್ಲಿ ಬಹುಪಾಲನ್ನು ನಿಲ್ಲಿಸಿತು. ಈಗ ಹೆದರಬೇಕಾಗಿರುವುದು ಮೊಬೈಲಿಗೆ. 2022ರ ಆಗಸ್ಟ್‌ನಲ್ಲಿ ಮುಗಿದ 5ಜಿ ಹರಾಜಿನಲ್ಲಿ 700 ಮೆಗಾಹರ್ಟ್ಸ್ ಬ್ಯಾಂಡನ್ನು ಜಿಯೋ ದೇಶದಾದ್ಯಂತ ಪಡೆಯಿತು. 2023ರಲ್ಲಿ ಬಿಎಸ್‌ಎನ್‌ಎಲ್‌ಗೂ ಅದೇ ಬ್ಯಾಂಡಿನಲ್ಲಿ ಪಾಲು ಕೊಡಲು ಕೇಂದ್ರ ಸಂಪುಟ ಒಪ್ಪಿತು. ಈ ಬ್ಯಾಂಡಿನಲ್ಲಿ ಫೋನುಗಳು 703ರಿಂದ 748ರವರೆಗಿನ ಜಾಗದಲ್ಲಿ ಕಳಿಸುತ್ತವೆ, ಟವರುಗಳು 758ರಿಂದ 803ರವರೆಗಿನ ಜಾಗದಲ್ಲಿ. ಅಂದರೆ 740–790 ಎಂದು ಬರೆದಿರುವ ಸೆಟ್ಟಿನ ಹೊಲದ ಬಹುಭಾಗ ಮೊಬೈಲಿಗೆ ಹಂಚಿಹೋಗಿದೆ. ಇನ್ನೂ ಮೇಲೆ 824ರಿಂದ 849, 869ರಿಂದ 915, 935ರಿಂದ 960 ಇವೂ ಮೊಬೈಲಿನವೇ.

ಇದರಲ್ಲಿ ಫೋನು ಕಳಿಸುವ ಭಾಗ ಹೆಚ್ಚು ಅಪಾಯದ್ದು. ಟವರು ಊರ ಹೊರಗಿದ್ದರೂ ಇರಬಹುದು, ಫೋನು ಮಾತ್ರ ರಿಸೀವರ್ ಪಕ್ಕದಲ್ಲೇ ಕೂತವರ ಜೇಬಿನಲ್ಲಿರುತ್ತದೆ. ಖಾಲಿ ಹಾಲ್‌ನಲ್ಲಿ ಬೆಳಗ್ಗೆ ನೋಡಿದಾಗ ಚೆನ್ನಾಗಿದ್ದ ಮೈಕ್ ಸಂಜೆ ಸಾವಿರ ಜನ ಸೇರಿದೊಡನೆ ಕಡಿಯತೊಡಗಿದರೆ ಈ ಕಾರಣವನ್ನು ಮೊದಲು ಅನುಮಾನಿಸಬೇಕು. ಭಾರತ ಹುಣ್ಣಿಮೆಯ ಹೊತ್ತಿಗೆ ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆಯ ಭಕ್ತರು ಬರುತ್ತಾರೆ. ಅಷ್ಟು ಫೋನುಗಳ ನಡುವೆ 703–748ರ ಒಳಗೆ ಕೂತ ಮೈಕನ್ನು ನಂಬಿ ಕಾರ್ಯಕ್ರಮ ಮಾಡಬಾರದು.

600 ಮೆಗಾಹರ್ಟ್ಸ್ ಬ್ಯಾಂಡನ್ನೂ ಸರ್ಕಾರ 2022ರ ಹರಾಜಿಗೆ ಇಟ್ಟಿತ್ತು, ಆದರೆ ಆಗ ಯಾರೂ ಕೂಗಲಿಲ್ಲ. 612ರಿಂದ 652, 663ರಿಂದ 703 ಈ ಜಾಗ ಮೊಬೈಲಿಗೆಂದು ಗುರುತಾಗಿದೆ. ಅಮೆರಿಕದಲ್ಲಿ ಇದೇ ಸುಮಾರಿನ ಬ್ಯಾಂಡನ್ನು ಮೊಬೈಲಿಗೆ ಬಿಟ್ಟ ಮೇಲೆ 2020ರ ಜುಲೈಯಿಂದ ಅಲ್ಲಿ ಆ ಬ್ಯಾಂಡಿನ ಹಳೆಯ ಕಾರ್ಡ್‌ಲೆಸ್ ಮೈಕುಗಳನ್ನು ಬಳಸುವಂತಿಲ್ಲ. ಚರ್ಚುಗಳೂ ನಾಟಕ ಮಂದಿರಗಳೂ ಹೊಸ ಸೆಟ್ ಕೊಳ್ಳಬೇಕಾಯಿತು. ಇಲ್ಲಿ ಕೈಯಲ್ಲಿರುವ 640–690ರ ಸೆಟ್ ಇಂದು ನಡೆಯುತ್ತಿದ್ದರೆ ಎಸೆಯಬೇಕಿಲ್ಲ. ಹತ್ತು ವರ್ಷ ಬಾಳಬೇಕೆಂದು ಹೊಸದಾಗಿ ಕೊಳ್ಳುವವರು ಮಾತ್ರ 612ಕ್ಕಿಂತ ಕೆಳಗಿನದನ್ನು ನೋಡುವುದು ಜಾಣತನ.

ಕಾನೂನಿನ ಮಾತೂ ಇಲ್ಲೇ ಬರುತ್ತದೆ. ನಮ್ಮ ದೇಶದಲ್ಲಿ ರೇಡಿಯೋ ಅಲೆ ಹೊರಡಿಸುವ ಸಾಧನಕ್ಕೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಅನುಮತಿ ಬೇಕು, ಸರ್ಕಾರ ವಿನಾಯಿತಿ ಕೊಟ್ಟ ಬ್ಯಾಂಡ್ ಮತ್ತು ಶಕ್ತಿಯ ಮಿತಿಯೊಳಗಿದ್ದರೆ ಪ್ರತ್ಯೇಕ ಪರವಾನಗಿ ಬೇಡ. 2.4 ಗಿಗಾಹರ್ಟ್ಸ್ ಹಾಗೂ 865–868 ಮೆಗಾಹರ್ಟ್ಸ್ ಅಂಥ ವಿನಾಯಿತಿಯ ಬ್ಯಾಂಡುಗಳು. ಸೆಟ್ ಕೊಳ್ಳುವಾಗ ಡಬ್ಲ್ಯುಪಿಸಿ ಒಪ್ಪಿಗೆಯ ಕಾಗದ ತೋರಿಸಿ ಎಂದು ಅಂಗಡಿಯವರನ್ನು ಕೇಳುವುದು ಕೊಳ್ಳುವವರ ಹಕ್ಕು. ಯಾವ ಕಾಗದವೂ ಇಲ್ಲದ ಆಮದು ಸೆಟ್ಟಿನ ಹೊಣೆ ಕೊಂಡವರ ಮೇಲೂ ಬೀಳಬಹುದು.

ವಿನಾಯಿತಿ ಇದೆ ಎಂದ ಮಾತ್ರಕ್ಕೆ ಆ ಬ್ಯಾಂಡ್ ಖಾಲಿ ಇದೆ ಎಂದಲ್ಲ. 2.4 ಗಿಗಾಹರ್ಟ್ಸ್‌ನಲ್ಲಿ ವೈಫೈ, ಬ್ಲೂಟೂತ್ ಎಲ್ಲವೂ ಇವೆ. ಚಿಕ್ಕ ಚರ್ಚಿನಲ್ಲಿ, ಶಾಲೆಯ ಸಭಾಂಗಣದಲ್ಲಿ, ಮೈಕಿಗೂ ರಿಸೀವರ್‌ಗೂ ಹತ್ತಿಪ್ಪತ್ತು ಅಡಿ ಅಂತರವಿರುವಲ್ಲಿ ಅದು ಸೊಗಸಾಗಿ ನಡೆಯುತ್ತದೆ. ಜನ ಕಿಕ್ಕಿರಿದ ದೊಡ್ಡ ಕಾರ್ಯಾಲಯಕ್ಕೆ ಅದು ತಕ್ಕದ್ದಲ್ಲ. 865–867 ಮೆಗಾಹರ್ಟ್ಸ್‌ನಲ್ಲಿ ಫಾಸ್ಟ್ಯಾಗ್ ಓದುವ ಯಂತ್ರಗಳಿವೆ. ನಿಪ್ಪಾಣಿಯಿಂದ ಕೊಲ್ಹಾಪುರದ ಕಡೆ ಹೋಗುವಾಗ ಕೊಗನೊಳ್ಳಿ ಟೋಲ್ ನಾಕಾದಲ್ಲಿ ಪ್ರತಿ ಲೇನಿನ ಮೇಲೂ ಇರುವುದು ಇದೇ. ಅದರ ಮುಖ ರಸ್ತೆಯ ಕಡೆಗಿರುವುದರಿಂದ ಊರೊಳಗಿನವರು ಹೆದರಬೇಕಿಲ್ಲ, ಹೆದ್ದಾರಿ ಟೋಲಿಗೆ ಅಂಟಿಕೊಂಡ ಸಭಾಂಗಣದವರು ನೆನಪಿಟ್ಟರೆ ಸಾಕು.

ರಿಸೀವರ್ ಎಲ್ಲಿಡಬೇಕು

ಬ್ಯಾಂಡ್, ಚಾನೆಲ್ ಎರಡಕ್ಕಿಂತ ಮೊದಲು ಫಲ ಕೊಡುವ ಕೆಲಸ ರಿಸೀವರ್ ಜಾಗ ಬದಲಿಸುವುದು. ಅದಕ್ಕೆ ಖರ್ಚೂ ಕಡಿಮೆ.

ಬಯಲಲ್ಲಿ ರೇಡಿಯೋ ಸಂಕೇತದ ಬಲ ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ದೂರ ಎರಡು ಪಟ್ಟಾದರೆ ಬಲ ನಾಲ್ಕರಲ್ಲಿ ಒಂದು ಪಾಲು, ಹತ್ತು ಪಟ್ಟಾದರೆ ನೂರರಲ್ಲಿ ಒಂದು ಪಾಲು. ಅರ್ಚಕರ ಮೈಕ್ ರಿಸೀವರ್‌ನಿಂದ 5 ಮೀಟರ್ ದೂರ, ಪಕ್ಕದ ಕಾರ್ಯಾಲಯದ ಮೈಕ್ 100 ಮೀಟರ್ ದೂರ ಎಂದಿಟ್ಟುಕೊಳ್ಳೋಣ. ದೂರದ ವ್ಯತ್ಯಾಸ ಇಪ್ಪತ್ತು ಪಟ್ಟು, ಆದ್ದರಿಂದ ನಮ್ಮ ಮೈಕ್ ನಾನೂರು ಪಟ್ಟು ಬಲವಾಗಿ ಕೇಳುತ್ತದೆ. ಒಂದೇ ಚಾನೆಲ್ ಆಗಿದ್ದರೂ ಅರ್ಚಕರು ಮಾತಾಡುವಷ್ಟು ಹೊತ್ತು ತೊಂದರೆ ಕಾಣದು.

ಈಗ ಅದೇ ರಿಸೀವರ್ ಅನ್ನು ಆಂಪ್ಲಿಫೈಯರ್ ಇರುವ ಹಿಂಬದಿಯ ಕೋಣೆಯಲ್ಲಿ, ಮೈಕಿನಿಂದ 50 ಮೀಟರ್ ದೂರದಲ್ಲಿ ಇಟ್ಟಿದ್ದೇವೆ ಎನ್ನೋಣ. ವ್ಯತ್ಯಾಸ ಎರಡೇ ಪಟ್ಟು, ಬಲದ ಮೇಲುಗೈ ನಾಲ್ಕೇ ಪಟ್ಟು. ನಡುವೆ ಗರ್ಭಗುಡಿಯ ಕಲ್ಲಿನ ಗೋಡೆಯೋ ಕಬ್ಬಿಣದ ಬಾಗಿಲೋ ಅಡ್ಡ ಬಂದರೆ ಆ ನಾಲ್ಕು ಪಟ್ಟೂ ಕರಗಿಹೋಗುತ್ತದೆ, ಕಿಟಕಿಯ ಕಡೆಯಿಂದ ಬರುವ ಕಾರ್ಯಾಲಯದ ಮೈಕ್ ಗೆಲ್ಲುತ್ತದೆ. ಮೈಕ್ ಅದೇ, ಚಾನೆಲ್ ಅದೇ. ಬದಲಾದದ್ದು ಪೆಟ್ಟಿಗೆಯ ಜಾಗ ಮಾತ್ರ.

ಆಂಪ್ಲಿಫೈಯರ್ ಎಲ್ಲಿದೆಯೋ ಅಲ್ಲೇ ರಿಸೀವರ್ ಇರಬೇಕೆಂಬುದು ಅಭ್ಯಾಸ, ನಿಯಮವೇನಲ್ಲ. ರಿಸೀವರ್ ಅನ್ನು ವೇದಿಕೆಯ ಬದಿಗೆ ತಂದು, ಅಲ್ಲಿಂದ ಆಂಪ್ಲಿಫೈಯರ್‌ವರೆಗೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ ಎಳೆಯಬೇಕು. ಬ್ಯಾಲೆನ್ಸ್ಡ್ ಆದ ಈ ಕೇಬಲ್ 50 ಮೀಟರ್ ಹೋದರೂ ಧ್ವನಿ ಕೆಡುವುದಿಲ್ಲ. ಒಂದೇ ಕಂಬಿಯ ಮಾಮೂಲಿ ಜ್ಯಾಕ್ ವೈರ್ ಅಷ್ಟು ಉದ್ದಕ್ಕೆ ಹಾಕಿದರೆ ಗುಂಯ್ ಎನ್ನುತ್ತದೆ. ಗಾಳಿಯಲ್ಲಿ ಹೋಗಬೇಕಾದ ದೂರ ಆದಷ್ಟು ಕಡಿಮೆ ಇರಲಿ, ಬ್ಯಾಲೆನ್ಸ್ಡ್ ತಂತಿಯಲ್ಲಿ ಹೋಗುವ ದೂರ ಹೆಚ್ಚಿದ್ದರೂ ನಡೆಯುತ್ತದೆ.

ರಿಸೀವರ್ ಎದೆಯೆತ್ತರಕ್ಕಿಂತ ಮೇಲಿರಲಿ, ಅದರ ಆಂಟೆನಾಗಳಿಂದ ಮೈಕ್ ಹಿಡಿದವರು ಕಾಣುವಂತಿರಲಿ. ಎರಡು ಆಂಟೆನಾ ಇದ್ದರೆ ಅವನ್ನು ಇಂಗ್ಲಿಷಿನ ವಿ ಅಕ್ಷರದಂತೆ ಅಗಲಿಸಬೇಕು. ಕಬ್ಬಿಣದ ಕಪಾಟಿನೊಳಗೆ, ಆಂಪ್ಲಿಫೈಯರ್ ಮೇಲೆ, ವೈಫೈ ರೂಟರ್ ಪಕ್ಕದಲ್ಲಿ, ಎಲ್‌ಇಡಿ ಪರದೆಯ ಹಿಂದೆ ಇಡಲೇಬಾರದು. ಈಚಿನ ಲಗ್ನಗಳಲ್ಲಿ ವೇದಿಕೆಯ ಹಿಂದೆ ನಿಲ್ಲಿಸುವ ಎಲ್‌ಇಡಿ ಪರದೆಯ ವಿದ್ಯುತ್ ಪೆಟ್ಟಿಗೆಗಳು ಹರಡುವ ಗದ್ದಲ ಯುಎಚ್‌ಎಫ್ ಬ್ಯಾಂಡಿನವರೆಗೂ ಏರುತ್ತದೆ. ಪರದೆಗೂ ಆಂಟೆನಾಕ್ಕೂ ಹತ್ತು ಅಡಿಯಾದರೂ ಬಿಟ್ಟು, ಪರದೆ ಹಚ್ಚಿದ ಮೇಲೆಯೇ ಮೈಕ್ ಪರೀಕ್ಷೆ ಮಾಡಬೇಕು. ಪಲ್ಲಕ್ಕಿ ಉತ್ಸವದಲ್ಲಿ ಮೈಕ್ ಊರೆಲ್ಲ ಸುತ್ತುವಾಗ ರಿಸೀವರ್ ದೇವಸ್ಥಾನದಲ್ಲಿದ್ದರೆ ಪ್ರಯೋಜನವಿಲ್ಲ. ಅದು ಸ್ಪೀಕರ್ ಹೊತ್ತ ಗಾಡಿಯಲ್ಲೇ, ಮೈಕಿನ ಜೊತೆಯಲ್ಲೇ ಸಾಗಬೇಕು.

ಮೈಕ್ ಹಿಡಿಯುವ ಕ್ರಮವೂ ಇದಕ್ಕೆ ಸೇರಿದ ಮಾತು. ಆಂಟೆನಾ ಬುಡದಲ್ಲಿರುವುದರಿಂದ ಬುಡವನ್ನು ಮುಷ್ಟಿಯೊಳಗೆ ಮುಚ್ಚಿ ಹಿಡಿದರೆ ಹೊರಡುವ ಸಂಕೇತದ ದೊಡ್ಡ ಪಾಲನ್ನು ಕೈಯೇ ನುಂಗುತ್ತದೆ. ನಡು ಹಿಡಿದು, ಬುಡ ಬಯಲಾಗಿ ಬಿಡಬೇಕು. ಮಾತಾಡಲು ಬರುವ ಅತಿಥಿಗಳಿಗೆ ಮೈಕ್ ಕೊಡುವವರು ಇದನ್ನು ಒಂದು ಮಾತಿನಲ್ಲಿ ಹೇಳಿಬಿಟ್ಟರೆ ಸಾಕು.

ಮೂರನೇ ಮೈಕಿನ ತೊಡಕು

ಎರಡು ಮೈಕ್ ಇರುವವರೆಗೆ ಲೆಕ್ಕ ಸರಳ. ಬೇರೆ ಬೇರೆ ಚಾನೆಲ್, ನಡುವೆ ಅರ್ಧ ಮೆಗಾಹರ್ಟ್ಸ್ ಅಂತರ ಇದ್ದರೆ ಸಾಕು. ಮೂರನೆಯದು ಬಂದಾಗ ಹೊಸ ತೊಡಕು ಹುಟ್ಟುತ್ತದೆ. ಅದನ್ನು ಇಂಟರ್‌ಮಾಡ್ಯುಲೇಷನ್ ಎನ್ನುತ್ತಾರೆ.

ಎರಡು ಬಲವಾದ ಸಂಕೇತಗಳು ಒಂದೇ ರಿಸೀವರ್‌ನಲ್ಲೋ, ಪಕ್ಕಪಕ್ಕದಲ್ಲಿರುವ ಎರಡು ಮೈಕುಗಳ ಒಳಗೋ ಬೆರೆತಾಗ ಅವು ತಮ್ಮ ಫ್ರೀಕ್ವೆನ್ಸಿಯಲ್ಲದೆ ಬೇರೆ ಜಾಗದಲ್ಲೂ ಕಳ್ಳ ಸಂಕೇತ ಹುಟ್ಟಿಸುತ್ತವೆ. ಅದು ಎಲ್ಲಿ ಬೀಳುತ್ತದೆ ಎಂದು ಮೊದಲೇ ಲೆಕ್ಕ ಹಾಕಬಹುದು. ಒಂದರ ಎರಡು ಪಟ್ಟಿನಿಂದ ಇನ್ನೊಂದನ್ನು ಕಳೆದರೆ ಸಿಗುವ ಸಂಖ್ಯೆಯೇ ಅದು. ಮೈಕುಗಳನ್ನು 520, 521, 522 ಎಂದು ಸಮ ಅಂತರದಲ್ಲಿ ಇಟ್ಟಿದ್ದೀರಿ ಎನ್ನಿ. 521ರ ಎರಡು ಪಟ್ಟು 1042, ಅದರಿಂದ 520 ಕಳೆದರೆ 522. ಅಂದರೆ ಮೊದಲ ಎರಡು ಮೈಕುಗಳು ಸೇರಿ ಮೂರನೆಯದರ ನೆತ್ತಿಯ ಮೇಲೇ ಕಳ್ಳ ಸಂಕೇತ ಹುಟ್ಟಿಸುತ್ತವೆ. ನೋಡಲು ಅಚ್ಚುಕಟ್ಟಾದ ಸಮ ಅಂತರವೇ ಇಲ್ಲಿ ದೊಡ್ಡ ತಪ್ಪು.

ಇದನ್ನು ಗುರುತಿಸುವುದು ಕಷ್ಟವಲ್ಲ. ಮೂರನೇ ಮೈಕ್ ಒಂಟಿಯಾಗಿ ಚೆನ್ನಾಗಿದ್ದು, ಮೊದಲ ಎರಡನ್ನೂ ಚಾಲೂ ಮಾಡಿದಾಗ ಮಾತ್ರ ಗರಗರ ಬಂದರೆ, ಆ ಎರಡರಲ್ಲಿ ಯಾವುದೊಂದನ್ನು ಬಂದ್ ಮಾಡಿದರೂ ಸರಿಹೋದರೆ, ಕಾರಣ ಇದೇ. ಮೈಕುಗಳನ್ನು ಮೇಜಿನ ಮೇಲೆ ಒಂದಕ್ಕೊಂದು ತಾಗಿಸಿ ಚಾಲೂ ಇಟ್ಟಾಗ ಇದು ಹೆಚ್ಚುತ್ತದೆ. ಆದ್ದರಿಂದ ಬಳಸದ ಮೈಕನ್ನು ಬಂದ್ ಮಾಡಿಡಬೇಕು, ಚಾಲೂ ಇರುವವುಗಳ ನಡುವೆ ಒಂದು ಮೊಳವಾದರೂ ಅಂತರ ಬಿಡಬೇಕು. ಕಾಯಂ ಪರಿಹಾರವೆಂದರೆ ಅಂತರಗಳು ಯಾವುವೂ ಒಂದರಂತೆ ಒಂದಿರದ ಹಾಗೆ ಫ್ರೀಕ್ವೆನ್ಸಿ ಆರಿಸುವುದು.

ನಾಲ್ಕು ಮೈಕಿಗೆ ಹೀಗೆ ಆರಿಸಬಹುದು: 520.0, 520.5, 522.0, 523.0. ಯಾವ ಎರಡನ್ನು ತೆಗೆದುಕೊಂಡರೂ ನಡುವಿನ ಅಂತರ ಬೇರೆಯೇ ಬರುತ್ತದೆ. ಅರ್ಧ, ಒಂದು, ಒಂದೂವರೆ, ಎರಡು, ಎರಡೂವರೆ, ಮೂರು ಎಂದು ಆರು ಅಂತರಗಳು, ಒಂದೂ ಮರುಕಳಿಸುವುದಿಲ್ಲ. ಅಂತರ ಮರುಕಳಿಸದಿದ್ದರೆ ಈ ಬಗೆಯ ಕಳ್ಳ ಸಂಕೇತ ನಾಲ್ಕು ಮೈಕುಗಳಲ್ಲಿ ಯಾವುದರ ಮೇಲೂ ಬೀಳುವುದಿಲ್ಲ. 520ರ ಬದಲು ನಿಮ್ಮ ಸೆಟ್ಟಿಗೆ ಹೊಂದುವ ಯಾವ ಸಂಖ್ಯೆಯಿಂದ ಬೇಕಾದರೂ ಶುರುಮಾಡಿ. ಅದಕ್ಕೆ ಅರ್ಧ, ಎರಡು, ಮೂರು ಕೂಡಿಸುತ್ತ ಹೋದರೆ ಇದೇ ಗುಣ ಉಳಿಯುತ್ತದೆ. ಎಷ್ಟೋ ಕಂಪನಿಗಳು ಹೀಗೆ ಲೆಕ್ಕ ಹಾಕಿದ ಚಾನೆಲ್‌ಗಳನ್ನು ಗುಂಪುಗಳಾಗಿ ಸೆಟ್ಟಿನೊಳಗೇ ಕೊಟ್ಟಿರುತ್ತವೆ. ಆಗ ಎಲ್ಲ ಮೈಕುಗಳನ್ನೂ ಒಂದೇ ಗುಂಪಿನಿಂದ ಆರಿಸಬೇಕು. ಒಂದನ್ನು ಒಂದು ಗುಂಪಿನಿಂದ, ಇನ್ನೊಂದನ್ನು ಮತ್ತೊಂದರಿಂದ ತೆಗೆದರೆ ಕಂಪನಿಯ ಲೆಕ್ಕ ಕೆಡುತ್ತದೆ.

ಒಂದು ಓಣಿಯ ಲೆಕ್ಕ

ಇಷ್ಟನ್ನೂ ಒಂದು ಮಾದರಿ ಓಣಿಗೆ ಅನ್ವಯಿಸಿ ನೋಡೋಣ. ಅಥಣಿಯಲ್ಲೋ ಚಿಕ್ಕೋಡಿಯಲ್ಲೋ ಕಾಣಸಿಗುವಂಥ ಪೇಟೆ ಓಣಿ. ಒಂದು ದೇವಸ್ಥಾನ, ಅಲ್ಲಿ ಎರಡು ಮೈಕ್. ಎಂಬತ್ತು ಮೀಟರ್ ದೂರದಲ್ಲಿ ಮಂಗಲ ಕಾರ್ಯಾಲಯ, ಅಲ್ಲಿ ನಾಲ್ಕು ಮೈಕ್. ಮೂಲೆಯಲ್ಲಿ ಚರ್ಚು, ಅಲ್ಲಿ ಎರಡು ಮೈಕ್. ಎಲ್ಲವೂ 520–570ರ ಸೆಟ್ಟುಗಳು. ಲಗ್ನದ ಹಂಗಾಮಿನ ರವಿವಾರ ಬೆಳಗ್ಗೆ ಎಂಟೂ ಮೈಕ್ ಒಮ್ಮೆಲೇ ಚಾಲೂ.

ಮೊದಲ ಕೆಲಸ ಹಂಚಿಕೆ. ಐವತ್ತು ಮೆಗಾಹರ್ಟ್ಸ್ ಹೊಲವನ್ನು ಹತ್ತು ಹತ್ತರ ಪಟ್ಟೆಗಳಾಗಿ ಮಾಡಿ. 520–530 ಕಾರ್ಯಾಲಯಕ್ಕೆ, 530–540 ದೇವಸ್ಥಾನಕ್ಕೆ, 540–550 ಚರ್ಚಿಗೆ. 550ರಿಂದ 570ರವರೆಗಿನದು ಹೊರಗಿನಿಂದ ಬರುವವರಿಗೆ ಮೀಸಲು. ಈ ಮೀಸಲು ಮುಖ್ಯ. ಕೊಲ್ಹಾಪುರ, ಇಚಲಕರಂಜಿ, ಸಾಂಗಲಿ, ಮೀರಜ್ ಕಡೆಯ ಸೌಂಡ್ ಸಿಸ್ಟಮ್‌ನವರು ನಮ್ಮಲ್ಲಿಗೆ ಬರುತ್ತಾರೆ, ನಮ್ಮವರೂ ಆ ಕಡೆ ಹೋಗುತ್ತಾರೆ. ಕಾಗವಾಡಕ್ಕಂತೂ ಮೀರಜ್ ಕೂಗಳತೆಯ ಊರಿದ್ದಂತೆ. ಬಂದವರಿಗೆ ಜಾಗ ತೋರಿಸದಿದ್ದರೆ ಅವರು ತಮಗೆ ತೋಚಿದಲ್ಲಿ ಕೂರುತ್ತಾರೆ.

ಎರಡನೆಯದು, ಪಟ್ಟೆಯೊಳಗೆ ಚಾನೆಲ್ ಆರಿಸುವುದು. ಕಾರ್ಯಾಲಯಕ್ಕೆ ಮೇಲೆ ಹೇಳಿದ ನಾಲ್ಕು. ಅವುಗಳ ಕಳ್ಳ ಸಂಕೇತ ಮೇಲ್ಗಡೆ 526ರ ಆಚೆ ಹೋಗುವುದಿಲ್ಲ, ಹಾಗಾಗಿ ದೇವಸ್ಥಾನದ ಪಟ್ಟೆಗೆ ಮುಟ್ಟುವುದಿಲ್ಲ. ದೇವಸ್ಥಾನಕ್ಕೆ 533 ಮತ್ತು 534, ಚರ್ಚಿಗೆ 541 ಮತ್ತು 542 ಸಾಕು.

ಮೂರನೆಯದು, ಆರಿಸಿದ ಜಾಗ ನಿಜವಾಗಿ ಖಾಲಿ ಇದೆಯೇ ಎಂದು ನೋಡುವುದು. ತನ್ನ ಮೈಕುಗಳನ್ನೆಲ್ಲ ಬಂದ್ ಮಾಡಿ, ರಿಸೀವರ್ ಮಾತ್ರ ಚಾಲೂ ಇಡಬೇಕು. ಪರದೆಯ ಮೇಲೆ RF ಎಂದು ಬರೆದ ಕಡೆ ಬಲ ತೋರಿಸುವ ಗೆರೆಗಳಿರುತ್ತವೆ. ಮೈಕ್ ಬಂದ್ ಇದ್ದಾಗ ಅಲ್ಲಿ ಒಂದು ಗೆರೆಯೂ ಇರಬಾರದು. ಒಂದೆರಡು ಗೆರೆ ಮಿಣುಕುತ್ತಿದ್ದರೆ ಆ ಫ್ರೀಕ್ವೆನ್ಸಿಯಲ್ಲಿ ಬೇರೆ ಯಾರೋ ಇದ್ದಾರೆ, ಇಲ್ಲವೇ ಎಲ್‌ಇಡಿ ಗದ್ದಲವಿದೆ. ಆಗ ಅದೇ ಪಟ್ಟೆಯೊಳಗೆ ಆ ಸಂಸ್ಥೆಯ ಎಲ್ಲ ಮೈಕುಗಳನ್ನೂ ಒಂದೇ ಅಳತೆಯಲ್ಲಿ ಮುಂದೆ ಸರಿಸಬೇಕು. SCAN ಗುಂಡಿ ಇದ್ದರೆ ರಿಸೀವರ್ ತಾನೇ ಖಾಲಿ ಜಾಗ ಹುಡುಕುತ್ತದೆ. ಆದರೆ ಅದಕ್ಕೆ ಆ ಹೊತ್ತಿಗೆ ಚಾಲೂ ಇರುವವರು ಮಾತ್ರ ಕಾಣುತ್ತಾರೆ. ಸೋಮವಾರ ಮಧ್ಯಾಹ್ನ ಹುಡುಕಿದರೆ ಇಡೀ ಓಣಿ ಖಾಲಿ ಕಾಣುತ್ತದೆ. ಎಲ್ಲರೂ ಕೆಲಸದಲ್ಲಿರುವ ರವಿವಾರವೇ ಈ ಪರೀಕ್ಷೆ ಮಾಡಬೇಕು.

ನಾಲ್ಕನೆಯದು, ರಿಸೀವರ್‌ನಲ್ಲಿ ಗೊತ್ತುಮಾಡಿದ್ದನ್ನು ಮೈಕಿಗೆ ತಿಳಿಸುವುದು. ಮೈಕಿನ ಪುಟ್ಟ ಕಿಟಕಿಯನ್ನು ರಿಸೀವರ್‌ನ IR ಕಿಟಕಿಗೆ ಒಂದು ಗೇಣು ದೂರದಲ್ಲಿ ಎದುರು ಹಿಡಿದು SYNC ಒತ್ತಿದರೆ ಎರಡೂ ಒಂದೇ ಸಂಖ್ಯೆ ತೋರಿಸುತ್ತವೆ. ಒಂದು ಸಲಕ್ಕೆ ಒಂದೇ ಮೈಕ್ ಚಾಲೂ ಇರಲಿ. ಎರಡು ಚಾಲೂ ಇದ್ದರೆ ಎರಡೂ ಒಂದೇ ಚಾನೆಲ್ಲಿಗೆ ಬಂದು ಕೂತು, ಹೊಸ ತೊಂದರೆ ನಾವೇ ಮಾಡಿಕೊಂಡಂತಾಗುತ್ತದೆ.

ಐದನೆಯದು ನಡೆದು ನೋಡುವ ಪರೀಕ್ಷೆ. ಎಂಟೂ ಮೈಕ್ ಚಾಲೂ ಇರುವಾಗ ಒಬ್ಬರು ಮೈಕ್ ಹಿಡಿದು ಮಾತಾಡುತ್ತ ಗರ್ಭಗುಡಿಯ ಬಾಗಿಲು, ಕಂಬದ ಹಿಂದೆ, ಬಾಲ್ಕನಿಯ ಕೆಳಗೆ ಹೀಗೆ ಮೂಲೆ ಮೂಲೆಗೂ ಹೋಗಬೇಕು. ಇನ್ನೊಬ್ಬರು RF ಗೆರೆಗಳ ಮೇಲೆ ಕಣ್ಣಿಟ್ಟಿರಬೇಕು. ಒಂದೇ ಜಾಗದಲ್ಲಿ ಕಡಿದು, ಒಂದು ಹೆಜ್ಜೆ ಸರಿದೊಡನೆ ಮತ್ತೆ ಬಂದರೆ ಅದಕ್ಕೆ ಪಕ್ಕದವರು ಕಾರಣರಲ್ಲ. ತಗಡಿನ ಛಾವಣಿ, ಕಬ್ಬಿಣದ ಜಂತಿಗಳಿಗೆ ಬಡಿದು ಮರಳಿದ ಅಲೆ ನೇರವಾಗಿ ಬಂದ ಅಲೆಯನ್ನು ಅಳಿಸಿದೆ ಎಂದರ್ಥ. ಎರಡು ಆಂಟೆನಾದ ಡೈವರ್ಸಿಟಿ ರಿಸೀವರ್ ಇರುವುದೇ ಇದಕ್ಕಾಗಿ. ಒಂದು ಆಂಟೆನಾಕ್ಕೆ ಸಿಗದಿದ್ದುದು ಇನ್ನೊಂದಕ್ಕೆ ಸಿಗುತ್ತದೆ. ತಗಡಿನ ಶೆಡ್ಡಿನ ಕಾರ್ಯಾಲಯಕ್ಕೆ ಹೊಸ ಸೆಟ್ ಕೊಳ್ಳುವಾಗ ಡೈವರ್ಸಿಟಿ ಇಲ್ಲದ್ದನ್ನು ಕೊಳ್ಳಬಾರದು. ಹೊರಗೆ ಎರಡು ಕಡ್ಡಿ ಕಂಡ ಮಾತ್ರಕ್ಕೆ ಅದು ಡೈವರ್ಸಿಟಿ ಎಂದಲ್ಲ. ಎರಡು ಮೈಕಿನ ಅಗ್ಗದ ಸೆಟ್ಟಿನಲ್ಲಿ ಒಂದೊಂದು ಮೈಕಿಗೆ ಒಂದೊಂದು ಕಡ್ಡಿ ಎಂದಷ್ಟೇ ಇರುವುದುಂಟು, ಕೇಳಿ ತಿಳಿದುಕೊಳ್ಳಬೇಕು.

ಕಡೆಗೆ, ಸ್ಕ್ವೆಲ್ಚ್ ಮಿತಿಯನ್ನು ಕೊನೆಯಲ್ಲಿ ಮುಟ್ಟಬೇಕು. ಅದನ್ನು ಏರಿಸಿದರೆ ಹೊರಗಿನ ಸದ್ದು ನಿಲ್ಲುತ್ತದೆ, ಜೊತೆಗೆ ನಮ್ಮ ಮೈಕ್ ನಡೆಯುವ ದೂರವೂ ತಗ್ಗುತ್ತದೆ. ಚಾನೆಲ್ ಸರಿಪಡಿಸದೆ ಸ್ಕ್ವೆಲ್ಚ್ ಏರಿಸಿದರೆ ರೋಗ ಉಳಿದು ಲಕ್ಷಣ ಮಾತ್ರ ಮರೆಯಾಗುತ್ತದೆ.

ಪಕ್ಕದವರದ್ದಲ್ಲದ ತೊಂದರೆಗಳು

ಕಾರ್ಡ್‌ಲೆಸ್‌ನಲ್ಲಿ ಬರುವ ಸದ್ದೆಲ್ಲವೂ ಚಾನೆಲ್ ಘರ್ಷಣೆಯಲ್ಲ. ಮೊಬೈಲ್ ಹತ್ತಿರ ತಂದಾಗ ಟಿರ್ ಟಿರ್ ಎಂದು ಬರುವುದು 2ಜಿ ಫೋನಿನ ಬಿಟ್ಟು ಬಿಟ್ಟು ಬರುವ ಮಿಡಿತ. ಅದು ಮಿಕ್ಸರ್, ಆಂಪ್ಲಿಫೈಯರ್‌ಗಳ ತಂತಿಗೆ ನೇರವಾಗಿ ಹೊಕ್ಕಿರುತ್ತದೆ, ಚಾನೆಲ್ ಬದಲಿಸಿದರೆ ಹೋಗುವುದಿಲ್ಲ. ಫೋನು ದೂರ ಇಡುವುದು, ಶೀಲ್ಡ್ ಇರುವ ಒಳ್ಳೆಯ ಕೇಬಲ್ ಹಾಕುವುದು ಅದಕ್ಕೆ ಮದ್ದು. ಕಾರ್ಯಕ್ರಮ ಶುರುವಾದ ಒಂದೆರಡು ತಾಸಿಗೆ ಧ್ವನಿ ಕಡಿಯತೊಡಗಿ, ಸೆಲ್ ಬದಲಿಸಿದೊಡನೆ ಸರಿಹೋದರೆ ಕಾರಣ ಸೆಲ್ ಮಾತ್ರ. ಕೂಂಯ್ ಎಂದು ಕೂಗುವುದು ಸ್ಪೀಕರಿನ ಧ್ವನಿ ಮೈಕಿಗೆ ಮರಳಿ ಹೋಗುತ್ತಿರುವ ಫೀಡ್‌ಬ್ಯಾಕ್, ತಂತಿ ಮೈಕಿನಲ್ಲೂ ಅದು ಹಾಗೆಯೇ ಬರುತ್ತದೆ. ಈ ಮೂರನ್ನು ಬೇರ್ಪಡಿಸಿದ ಮೇಲೆ ಉಳಿದದ್ದಕ್ಕೆ ಮಾತ್ರ ಚಾನೆಲ್ ಲೆಕ್ಕ ಬೇಕು.

ಒಂದು ಸ್ಥಳದಲ್ಲಿ ನಿಂತೇ ಮಾತಾಡುವವರಿಗೆ ಕಾರ್ಡ್‌ಲೆಸ್ ಅಗತ್ಯವೇ ಇಲ್ಲ. ಚರ್ಚಿನ ವೇದಿಯಲ್ಲಿ, ಪ್ರವಚನದ ಪೀಠದಲ್ಲಿ, ಹಾರ್ಮೋನಿಯಂ ಮುಂದೆ ತಂತಿಯ ಮೈಕ್ ಹಾಕಿದರೆ ಅಷ್ಟು ಚಾನೆಲ್ ಓಣಿಗೆ ಉಳಿಯುತ್ತದೆ. ಎಂಟು ಕಾರ್ಡ್‌ಲೆಸ್ ಇರುವ ಓಣಿಯಲ್ಲಿ ಮೂರನ್ನು ತಂತಿಗೆ ತಿರುಗಿಸಿದರೆ ಉಳಿದ ಐದರ ಲೆಕ್ಕ ತುಂಬ ಸುಲಭವಾಗುತ್ತದೆ. ಮುಖ್ಯ ಭಾಷಣಕಾರರ ಬಳಿ ತಂತಿಯ ಮೈಕ್ ಒಂದನ್ನು ಸದಾ ಸಿದ್ಧವಾಗಿಡುವುದೂ ಒಳ್ಳೆಯದು.

ಮಾಡಬೇಕಾದದ್ದು

ಹಂಚಿಕೆಯ ಈ ಲೆಕ್ಕವನ್ನು ಇಡಬಲ್ಲವರು ಯಾರು? ಮೇಲಿನಿಂದ ಯಾವ ಅಧಿಕಾರಿಯೂ ಬಂದು ಓಣಿಯ ಚಾನೆಲ್ ಹಂಚಿಕೊಡುವುದಿಲ್ಲ. ನಮ್ಮ ಪೇಟೆಗಳಲ್ಲಿ ಈ ಕೆಲಸಕ್ಕೆ ತಕ್ಕವರು ಮೈಕ್ ಸೆಟ್ ಅಂಗಡಿಯವರೇ. ಯಾವ ಗುಡಿಗೆ, ಯಾವ ಬಸದಿಗೆ, ಯಾವ ಕಾರ್ಯಾಲಯಕ್ಕೆ ಯಾವ ಸೆಟ್ ಹೋಗಿದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಸೆಟ್ ಮಾರುವಾಗಲೇ ಮೊದಲ ಚಾನೆಲ್ ಬದಲಿಸಿ, ಫ್ರೀಕ್ವೆನ್ಸಿಯನ್ನು ರಿಸೀವರ್ ಮೇಲೆ ಚೀಟಿ ಅಂಟಿಸಿ, ತಮ್ಮ ವಹಿಯಲ್ಲೂ ಬರೆದುಕೊಂಡರೆ ಅರ್ಧ ಕೆಲಸ ಮುಗಿಯಿತು.

ಉಳಿದರ್ಧ ದೇವಸ್ಥಾನ ಸಮಿತಿ, ಚರ್ಚ್ ಸಮಿತಿ, ಕಾರ್ಯಾಲಯದ ಮಾಲೀಕರದ್ದು. ಮುಂದಿನ ಲಗ್ನದ ಹಂಗಾಮಿಗೆ ಮೊದಲು ಒಂದು ಸಂಜೆ ಓಣಿಯವರೆಲ್ಲ ಸೇರಿ, ತಮ್ಮ ತಮ್ಮ ರಿಸೀವರ್ ಮೇಲಿನ ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಮೊದಲು ಸಂಸ್ಥೆಯ ಹೆಸರು, ಅದರ ಎದುರು ಬ್ಯಾಂಡ್, ಅದರ ಮುಂದೆ ಪ್ರತಿ ಮೈಕಿನ ಫ್ರೀಕ್ವೆನ್ಸಿ. ಒಂದೇ ಸಂಖ್ಯೆ ಎರಡು ಕಡೆ ಕಂಡರೆ ಅಲ್ಲೇ ಒಬ್ಬರು ಸರಿಯಿರಿ. ಹಾಳೆಯ ಒಂದು ಪ್ರತಿಯನ್ನು ಪ್ರತಿ ಆಂಪ್ಲಿಫೈಯರ್ ಪಕ್ಕದ ಗೋಡೆಗೆ ಅಂಟಿಸಿ, ಹೊರಗಿನಿಂದ ಬರುವ ಸೌಂಡ್‌ನವರಿಗೆ ಅದನ್ನೇ ತೋರಿಸಿ. ಹೊಸ ಸೆಟ್ಟಿಗೆ ದುಡ್ಡು ಹೊಂದಿಸುವ ಮೊದಲು ಇಷ್ಟು ಮಾಡಿ ನೋಡಿ.